ತಪ್ಪಿದ ಅಂಕಿಯನ್ನು ಮುಚ್ಚಿಡುವ ತಿದ್ದುಪಡಿ

ಕೊಲ್ಲಿಯ ಕಚೇರಿಗಳಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರಿಗೆಲ್ಲ ಈ ಮೂರು ವಾಕ್ಯ ಬಾಯಿಪಾಠ: ಹಿಂದಿನ ಮೇಲ್ ಅನ್ನು ದಯವಿಟ್ಟು ಪರಿಗಣಿಸಬೇಡಿ. ಪರಿಷ್ಕೃತ ಪ್ರತಿಯನ್ನು ಲಗತ್ತಿಸಿದೆ. ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ. ತಪ್ಪು ಅಂಕಿ ಹೊರಗೆ ಹೋದ ಮೇಲೆ ಕಳಿಸುವ ಮೇಲ್‌ಗೆ ಇದೇ ಸಿದ್ಧ ಅಚ್ಚು. ಇದು ಸಭ್ಯ, ಚುಟುಕು, ಯಾರನ್ನೂ ಗಾಬರಿಪಡಿಸುವುದಿಲ್ಲ ಎಂಬ ಹೆಸರು ಇದಕ್ಕಿದೆ. ಹೊಸದಾಗಿ ಸೇರಿದವರಿಗೆ ಹಳಬರು ಇದನ್ನೇ ಕೊಡುತ್ತಾರೆ, ತರಬೇತಿ ಕೊಡುವವರು ಇದನ್ನೇ ಹೊಗಳುತ್ತಾರೆ. ಆ ಹೆಸರು ಇದಕ್ಕೆ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಬರಿ ಹುಟ್ಟುವುದೇ ಈ ಮೂರು ವಾಕ್ಯಗಳಿಂದ.

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಇಂಥ ಮೇಲ್‌ಗಳಿಗೆ ಬರವಿಲ್ಲ. ದ್ವೀಪ ತುಂಬ ಫ್ಲ್ಯಾಟುಗಳ ಗೋಪುರಗಳು. ಮಾಲೀಕರಲ್ಲಿ ಎಷ್ಟೋ ಜನ ಅಲ್ಲಿ ವಾಸವಿಲ್ಲ, ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಕಟ್ಟಡದ ನಿರ್ವಹಣಾ ಕಂಪನಿಯೊಂದಿಗೆ ಅವರ ಸಂಬಂಧ ಪೂರ್ತಿ ಮೇಲ್‌ನಲ್ಲೇ. ವರ್ಷಕ್ಕೊಮ್ಮೆ ಬರುವ ಸರ್ವಿಸ್ ಚಾರ್ಜ್ ಪತ್ರ ಅದರಲ್ಲಿ ಮುಖ್ಯವಾದದ್ದು. ಲೆಕ್ಕ ಸರಳ: ಚದರಡಿಗೆ ಇಷ್ಟು ದಿರ್ಹಮ್ ಎಂಬ ದರವನ್ನು ಫ್ಲ್ಯಾಟಿನ ವಿಸ್ತೀರ್ಣದಿಂದ ಗುಣಿಸಿ, ಅದರ ಮೇಲೆ ಶೇಕಡಾ 5 ವ್ಯಾಟ್ ಸೇರಿಸುವುದು.

ಇಂಥ ಮೇಲ್‌ಗಳ ಗುಣವೆಲ್ಲ ಒಂದೇ ಕಡೆ ಕಾಣುವಂತೆ ಒಂದು ಮಾದರಿ ಕಟ್ಟಿಕೊಳ್ಳುತ್ತೇನೆ. ಅಂಕಿಗಳು ನನ್ನವು, ಪದ್ಧತಿ ಅಲ್ಲಿನದು. 1,150 ಚದರಡಿಯ ಫ್ಲ್ಯಾಟು. ನಿಜವಾದ ದರ ಚದರಡಿಗೆ 14.50 ದಿರ್ಹಮ್, ವರ್ಷಕ್ಕೆ 16,675 ದಿರ್ಹಮ್. ಮೊದಲ ಮೇಲ್‌ನಲ್ಲಿ ದರ 15.40 ಎಂದು ಬಿದ್ದು ಮೊತ್ತ 17,710 ಆಗಿದೆ. ವ್ಯಾಟ್ ಬಿಟ್ಟು 1,035 ದಿರ್ಹಮ್ ಹೆಚ್ಚು. ಮರುದಿನ ಆ ಮೂರು ವಾಕ್ಯಗಳ ಮೇಲ್ ಬರುತ್ತದೆ, ಜೊತೆಗೊಂದು ಪಿಡಿಎಫ್.

ಮೊದಲ ವಾಕ್ಯವನ್ನೇ ಹಿಡಿದು ನೋಡೋಣ. ಹಿಂದಿನ ಮೇಲ್ ಅನ್ನು ಪರಿಗಣಿಸಬೇಡಿ ಎನ್ನುತ್ತದೆ. ಆದರೆ ಹಿಂದಿನ ಮೇಲ್‌ನಲ್ಲಿ ಇದ್ದದ್ದು ಒಂದು ದರ ಮಾತ್ರವಲ್ಲ. ಕಟ್ಟಲು ಕೊನೆಯ ದಿನಾಂಕ ಇತ್ತು, ಬ್ಯಾಂಕ್ ಖಾತೆಯ ವಿವರ ಇತ್ತು, ಹಳೆಯ ಬಾಕಿಯ ಲೆಕ್ಕ ಇತ್ತು. ಅವೆಲ್ಲ ಸರಿಯಾಗಿಯೇ ಇದ್ದವು. ಈ ವಾಕ್ಯ ಸರಿಯಿದ್ದದ್ದನ್ನೂ ತಪ್ಪಾದದ್ದರ ಜೊತೆ ಒಟ್ಟಿಗೆ ಅಳಿಸಿಹಾಕುತ್ತದೆ. ಓದುವವನಿಗೆ ಈಗ ತಪ್ಪಿನ ಅಳತೆ ಗೊತ್ತಿಲ್ಲ. ಅಳತೆ ಗೊತ್ತಿಲ್ಲದ ತಪ್ಪನ್ನು ಮನಸ್ಸು ದೊಡ್ಡದೆಂದೇ ಎಣಿಸುತ್ತದೆ, ದುಡ್ಡಿನ ವಿಷಯದಲ್ಲಂತೂ ಇನ್ನೂ ಹೆಚ್ಚು. ಆತ ಎರಡೂ ಪಿಡಿಎಫ್ ತೆರೆದು, ಸಾಲುಸಾಲಾಗಿ ಹೋಲಿಸಿ, ಕೊನೆಗೆ 15.40 ಮತ್ತು 14.50 ಎಂಬ ಎರಡು ಅಂಕಿಗಳ ಮೇಲೆ ಬೆರಳಿಡುತ್ತಾನೆ. ವ್ಯತ್ಯಾಸ ಅವನ ಪರವಾಗಿಯೇ ಇದೆ, ಕಟ್ಟಬೇಕಾದದ್ದು ಕಡಿಮೆಯಾಗಿದೆ. ಆದರೂ ಅವನಿಗೆ ನೆಮ್ಮದಿ ಇಲ್ಲ. ತಾನಾಗಿ ಹುಡುಕಿ ಕಂಡುಕೊಂಡ ವ್ಯತ್ಯಾಸವನ್ನು ಯಾರೂ ‘ತಿಳಿಸಿದರು’ ಎಂದುಕೊಳ್ಳುವುದಿಲ್ಲ, ‘ಮುಚ್ಚಿಟ್ಟಿದ್ದರು’ ಎಂದೇ ಅಂದುಕೊಳ್ಳುತ್ತಾರೆ. ಕಳೆದ ವರ್ಷದ್ದನ್ನೂ ಒಮ್ಮೆ ನೋಡಬೇಕು ಎಂಬ ಯೋಚನೆ ಹುಟ್ಟುವುದು ಅಲ್ಲಿಯೇ. ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಒಬ್ಬರು ಹಾಕಿದರೆ ಸಾಕು, ಉಳಿದವರೂ ತಮ್ಮ ಹಳೆಯ ಪತ್ರಗಳನ್ನು ತೆರೆಯುತ್ತಾರೆ.

ಇಲ್ಲಿ ನನ್ನ ಜಗಳ ವ್ಯವಹಾರ ಬರವಣಿಗೆ ಕಲಿಸುವವರೊಂದಿಗೆ. ತಪ್ಪು ಅಂಕಿಯನ್ನು ಮತ್ತೆ ಬರೆಯಬೇಡಿ, ಬರೆದರೆ ಅದೇ ತಲೆಯಲ್ಲಿ ಉಳಿಯುತ್ತದೆ ಎಂದು ಅವರು ಹೇಳಿಕೊಡುತ್ತಾರೆ. ಈ ಮಾತಿಗೆ ಒಂದು ಕಾಲದಲ್ಲಿ ಆಧಾರವೂ ಇತ್ತು. ಸುಳ್ಳು ಮಾಹಿತಿಯನ್ನು ಅಲ್ಲಗಳೆಯುವ ಬಗೆ ಕುರಿತು ಸಂಶೋಧಕರು 2011ರಲ್ಲಿ ಹೊರತಂದ ‘ಡಿಬಂಕಿಂಗ್ ಹ್ಯಾಂಡ್‌ಬುಕ್’, ತಪ್ಪನ್ನು ಪುನರುಚ್ಚರಿಸಿದರೆ ಅದರ ಪರಿಚಯ ಹೆಚ್ಚಿ ತಿರುಗುಬಾಣವಾದೀತು ಎಂದು ಎಚ್ಚರಿಸಿತ್ತು. ಆದರೆ ಅದೇ ಕೈಪಿಡಿಯ 2020ರ ಆವೃತ್ತಿ, ಮಧ್ಯದ ವರ್ಷಗಳ ಪ್ರಯೋಗಗಳನ್ನು ನೋಡಿ, ಆ ಭಯವನ್ನು ಬಹುಮಟ್ಟಿಗೆ ಕೈಬಿಟ್ಟಿತು. ಇಂಥ ತಿರುಗುಬಾಣ ಅಪರೂಪ, ತಿದ್ದುವಾಗ ತಪ್ಪನ್ನು ಒಮ್ಮೆ ಸ್ಪಷ್ಟವಾಗಿ ಹೇಳುವುದರಿಂದ ಹಾನಿಯಿಲ್ಲ, ಅದರಿಂದ ತಿದ್ದುಪಡಿ ಮನಸ್ಸಿಗೆ ಇನ್ನೂ ಸರಿಯಾಗಿ ನಾಟಬಹುದು ಎಂದಿತು. ನಮ್ಮ ತರಬೇತುದಾರರು 2011ರಲ್ಲೇ ನಿಂತುಬಿಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ, ಲಸಿಕೆಯ ಬಗೆಗಿನ ವದಂತಿಗೂ ಬಿಲ್ಲಿನ ಅಂಕಿಗೂ ಇರುವ ವ್ಯತ್ಯಾಸವನ್ನು ಅವರು ನೋಡುವುದೇ ಇಲ್ಲ. ವದಂತಿಯನ್ನು ಕೇಳಿರದವರೂ ಇರಬಹುದು. ಬಿಲ್ಲು ತಲುಪಿದವರೆಲ್ಲರ ಇನ್‌ಬಾಕ್ಸಿನಲ್ಲಿ ತಪ್ಪು ಅಂಕಿ ಆಗಲೇ ಕೂತಿದೆ. ಅದನ್ನು ಹೆಸರಿಸದೆ ತಿದ್ದಲು ಹೊರಟರೆ ಎರಡರಲ್ಲಿ ಯಾವುದು ಸರಿ ಎಂಬುದು ಮೂರು ತಿಂಗಳ ನಂತರ ಮೇಲ್ ಹುಡುಕುವವನಿಗೆ ತಿಳಿಯುವುದಾದರೂ ಹೇಗೆ?

ಅವರ ಎರಡನೆಯ ಉಪದೇಶ, ಕಾರಣ ಹೇಳಬೇಡಿ ಎಂಬುದು. ಕಾರಣ ಹೇಳುವುದು ನೆಪ ಹೇಳಿದಂತೆ ಕಾಣುತ್ತದಂತೆ. ಇದನ್ನು ನಾನು ಒಪ್ಪಲಾರೆ. 1994ರಲ್ಲಿ ಜಾನ್ಸನ್ ಮತ್ತು ಸೈಫರ್ಟ್ ಎಂಬ ಇಬ್ಬರು ಸಂಶೋಧಕರು ಗೋದಾಮಿನ ಬೆಂಕಿಯ ಕಥೆಯೊಂದನ್ನು ಓದುಗರಿಗೆ ಕೊಟ್ಟರು. ಸಾಮಾನಿಡುವ ಸಣ್ಣ ಕೋಣೆಯಲ್ಲಿ ಪೇಂಟು, ಗ್ಯಾಸ್ ಸಿಲಿಂಡರ್ ಇದ್ದವೆಂದು ಮೊದಲು ಹೇಳಿ, ಆಮೇಲೆ ಆ ಕೋಣೆ ಖಾಲಿಯಿತ್ತು ಎಂದು ತಿದ್ದಿದರು. ತಿದ್ದುಪಡಿ ನೆನಪಿದ್ದವರೂ ಬೆಂಕಿಗೆ ಪೇಂಟನ್ನೇ ಹೊಣೆಯಾಗಿಸಿ ಯೋಚಿಸುತ್ತಿದ್ದರು. ಬೆಂಕಿಗೆ ಬೇರೊಂದು ಕಾರಣವನ್ನು ಕೊಟ್ಟಾಗ ಮಾತ್ರ ಹಳೆಯದರ ಹಿಡಿತ ಸಡಿಲಿತು. ತೆಗೆದ ಜಾಗದಲ್ಲಿ ಏನನ್ನಾದರೂ ಇಡದಿದ್ದರೆ ಹಳೆಯದೇ ಮರಳಿ ಬಂದು ಕೂರುತ್ತದೆ. ಸರ್ವಿಸ್ ಚಾರ್ಜ್ ಮೇಲ್‌ನಲ್ಲೂ ಹೀಗೆಯೇ. ‘ದರ ನಮೂದಿಸುವಾಗ 4 ಮತ್ತು 5 ಅದಲುಬದಲಾಗಿದೆ’ ಎಂಬ ಒಂದು ಸಾಲು ಇದ್ದರೆ ಓದುಗನ ತಲೆಯಲ್ಲಿ ಖಾಲಿ ಜಾಗ ಉಳಿಯುವುದಿಲ್ಲ. ಅದು ಇಲ್ಲದಿದ್ದರೆ ಆ ಜಾಗಕ್ಕೆ ‘ದರ ಏರಿಸಲು ಹೊರಟಿದ್ದರು, ಯಾರೋ ಕೇಳಿದ ಮೇಲೆ ಇಳಿಸಿದರು’ ಎಂಬ ಕಥೆ ಬರುತ್ತದೆ.

ಒಂದು ಷರತ್ತು ಮಾತ್ರ: ಹೇಳುವ ಕಾರಣ ಪರೀಕ್ಷಿಸಿ ಕಂಡುಕೊಂಡದ್ದಾಗಿರಬೇಕು. ಲೆಕ್ಕ ಬರೆಯುವವರು ತಲೆಮಾರುಗಳಿಂದ ಬಳಸುವ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ಅಂಕಿಗಳು ಸ್ಥಾನ ಬದಲಿಸಿದ್ದರೆ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 15.40ರಿಂದ 14.50 ಕಳೆದರೆ 90 ಫಿಲ್ಸ್, 9ರ ಹತ್ತು ಪಟ್ಟು. ಇದು ಸುಳಿವೇ ಹೊರತು ಪುರಾವೆಯಲ್ಲ, ಬೇರೆ ತಪ್ಪಿನಿಂದಲೂ 9ರ ಗುಣಕ ಬರಬಹುದು. ಹಾಗಾಗಿ ಇನ್ನೊಂದು ಪರೀಕ್ಷೆ ಬೇಕು: ನಾಲ್ಕಾರು ಫ್ಲ್ಯಾಟುಗಳ ಮೊತ್ತವನ್ನು ಅವುಗಳ ವಿಸ್ತೀರ್ಣದಿಂದ ಭಾಗಿಸಿ ನೋಡುವುದು. ಎಲ್ಲದರಲ್ಲೂ 15.40 ಬಂದರೆ ತಪ್ಪು ದರದಲ್ಲೇ ಇದೆ, ಇಡೀ ಕಟ್ಟಡಕ್ಕೆ ತಿದ್ದುಪಡಿ ಹೋಗಬೇಕು. ಒಂದರಲ್ಲಿ ಮಾತ್ರ ಬಂದರೆ ಆ ಒಂದು ಸಾಲಿನ ಟೈಪಿಂಗ್ ತಪ್ಪು, ಆ ಮಾಲೀಕರಿಗೆ ಮಾತ್ರ ಬರೆದರೆ ಸಾಕು. ಇದನ್ನು ನೋಡದೆ ಅವಸರದಲ್ಲಿ ತಿದ್ದುಪಡಿ ಕಳಿಸಿ, ಸಂಜೆಗೆ ಇನ್ನೊಂದು ತಿದ್ದುಪಡಿ ಕಳಿಸಬೇಕಾಗಿ ಬಂದರೆ ಆಮೇಲೆ ಕಳಿಸುವ ಯಾವ ಅಂಕಿಯನ್ನೂ ಜನ ನಂಬುವುದಿಲ್ಲ.

ಅಂಕಿಯನ್ನು ಹೆಸರಿಸಿದರೆ ಆಕಾಶ ಕಳಚಿ ಬೀಳುತ್ತದೆ ಎನ್ನುವವರು ಲಿಫ್ಟ್ ಎಂಬ ಅಮೆರಿಕದ ಟ್ಯಾಕ್ಸಿ ಕಂಪನಿಯ ಪ್ರಕರಣವನ್ನು ನೋಡಲಿ. 2024ರ ಫೆಬ್ರವರಿ 13ರಂದು ಅದರ ಪ್ರಕಟಣೆಯಲ್ಲಿ ಲಾಭದ ಅಂಚು 50 ಬೇಸಿಸ್ ಪಾಯಿಂಟ್ ಹೆಚ್ಚುತ್ತದೆ ಎಂದಿರಬೇಕಾದಲ್ಲಿ ಒಂದು ಸೊನ್ನೆ ಹೆಚ್ಚಾಗಿ 500 ಎಂದಾಯಿತು. ಮಾರುಕಟ್ಟೆ ಮುಚ್ಚಿದ ನಂತರದ ವಹಿವಾಟಿನಲ್ಲಿ ಷೇರು ಶೇಕಡಾ 60ಕ್ಕೂ ಮೇಲೆ ಹಾರಿತು. ಮುಖ್ಯ ಹಣಕಾಸು ಅಧಿಕಾರಿ ಎರಿನ್ ಬ್ರೂವರ್ ಅದೇ ಸಂಜೆ ಹೂಡಿಕೆದಾರರ ಕರೆಯಲ್ಲಿ, ಇದು ಪ್ರಕಟಣೆಗೆ ತಿದ್ದುಪಡಿ ಎಂದು ಹೇಳಿಯೇ 50 ಎಂಬ ಅಂಕಿಯನ್ನು ಕೊಟ್ಟರು. ಏರಿದ್ದರಲ್ಲಿ ಬಹಳಷ್ಟು ಇಳಿಯಿತು. ಆದರೂ ಮರುದಿನದ ವಹಿವಾಟು ಮುಗಿದಾಗ ಷೇರು ಹಿಂದಿನ ದಿನಕ್ಕಿಂತ ಸುಮಾರು ಶೇಕಡಾ 35ರಷ್ಟು ಮೇಲಿತ್ತು. ತಪ್ಪಿದ್ದು ಯಾವ ಅಂಕಿ ಎಂದು ಗೊತ್ತಾದ್ದರಿಂದ, ಉಳಿದ ಫಲಿತಾಂಶಗಳನ್ನು ಜನ ನಂಬುವುದಕ್ಕೆ ಅಡ್ಡಿಯಾಗಲಿಲ್ಲ. ‘ಹಿಂದಿನ ಪ್ರಕಟಣೆಯನ್ನು ಪರಿಗಣಿಸಬೇಡಿ’ ಎಂದಿದ್ದರೆ ಆ ನಂಬಿಕೆಗೆ ಜಾಗವೇ ಇರುತ್ತಿರಲಿಲ್ಲ.

ತರಬೇತುದಾರರ ಒಂದು ಮಾತು ನನಗೂ ಒಪ್ಪಿಗೆ: ವಿಷಯದ ಸಾಲಿನಲ್ಲಿ ‘ತುರ್ತು’ ಎಂದು ಹಾಕಬಾರದು. ಅದಕ್ಕೆ ಅವರು ಕೊಡುವ ಕಾರಣ ಸೌಜನ್ಯ, ನನ್ನದು ಬೇರೆ. ಮೊತ್ತ ಬದಲಾಗಿದೆ, ಬೇಗ ಕಟ್ಟಿ ಎನ್ನುವ ಎರಡನೆಯ ಮೇಲ್ ವಂಚಕರ ಹಳೆಯ ವರಸೆ. ಅವರು ಮೊತ್ತದ ಜೊತೆ ಖಾತೆಯ ಸಂಖ್ಯೆಯನ್ನೂ ಬದಲಿಸಿರುತ್ತಾರೆ. ದೂರದಲ್ಲಿ ಕೂತ ಮಾಲೀಕ ತಿದ್ದುಪಡಿ ಕಂಡೊಡನೆ ಹೆದರುವುದು ಇದಕ್ಕೇ, ಹೆದರಬೇಕಾದದ್ದೂ ಹೌದು. ಆದ್ದರಿಂದ ನಿಜವಾದ ತಿದ್ದುಪಡಿ ಅದೇ ವಿಳಾಸದಿಂದ, ಅದೇ ಮೇಲ್‌ಗೆ ಉತ್ತರವಾಗಿ, ಅದೇ ಇನ್‌ವಾಯ್ಸ್ ಸಂಖ್ಯೆಯನ್ನು ಹೇಳಿ ಬರಬೇಕು. ಬ್ಯಾಂಕ್ ಖಾತೆಯಲ್ಲಿ ಯಾವ ಬದಲಾವಣೆಯೂ ಇಲ್ಲ ಎಂದು ಬಿಡಿಸಿ ಹೇಳಬೇಕು. ಮೂರು ವಾಕ್ಯಗಳ ಅಚ್ಚಿನಲ್ಲಿ ಇದಕ್ಕೆ ಜಾಗವೇ ಇಲ್ಲ. ತಿದ್ದುಪಡಿಯೇ ಬೇಡವೆಂದು, ಕಳಿಸಿದ್ದನ್ನು ವಾಪಸ್ ಪಡೆಯುವ ಔಟ್‌ಲುಕ್ ಸೌಲಭ್ಯವನ್ನು ನಂಬಿ ಕೂರುವಂತೆಯೂ ಇಲ್ಲ. ಅದು ಒಂದೇ ಸಂಸ್ಥೆಯ ಒಳಗಿನ ಖಾತೆಗಳಿಗೆ ಮಾತ್ರ ನಡೆಯುತ್ತದೆ. ಮಾಲೀಕರೆಲ್ಲ ಹೊರಗಿನವರು.

ಹಾಗಾದರೆ ಮೇಲ್ ಹೇಗಿರಬೇಕಿತ್ತು? ವಿಷಯದ ಸಾಲು: ‘ತಿದ್ದುಪಡಿ: ಚದರಡಿ ದರ 14.50 ದಿರ್ಹಮ್, 15.40 ಅಲ್ಲ’. ಒಳಗೆ: ‘ನಿನ್ನೆಯ ಮೇಲ್‌ನಲ್ಲಿ ದರ ನಮೂದಿಸುವಾಗ ಎರಡು ಅಂಕಿಗಳು ಅದಲುಬದಲಾಗಿವೆ. ಸರಿಯಾದ ದರ 14.50. ನಿಮ್ಮ 1,150 ಚದರಡಿಗೆ 16,675 ದಿರ್ಹಮ್, ವ್ಯಾಟ್ ಸೇರಿ 17,508.75. ಕೊನೆಯ ದಿನಾಂಕ, ಬ್ಯಾಂಕ್ ಖಾತೆ, ಹಳೆಯ ಬಾಕಿ ಯಾವುದೂ ಬದಲಾಗಿಲ್ಲ. ಆಗಲೇ ಕಟ್ಟಿದ್ದರೆ ಹೆಚ್ಚುವರಿ 1,086.75 ದಿರ್ಹಮ್ ನಿಮ್ಮ ಖಾತೆಗೆ ಜಮೆಯಾಗುತ್ತದೆ. ತಪ್ಪಿಗೆ ಕ್ಷಮೆಯಿರಲಿ.’ ದರ, ವಿಸ್ತೀರ್ಣ, ಮೊತ್ತ ಮೂರೂ ಅಕ್ಕಪಕ್ಕ ಇರುವುದರಿಂದ ಓದುವವರು ಫೋನಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ತಾವೇ ಖಾತ್ರಿ ಮಾಡಿಕೊಳ್ಳಬಹುದು. ಕ್ಷಮೆ ಒಂದೇ ಸಾಲಿನಲ್ಲಿ, ಅದೂ ಕೊನೆಯಲ್ಲಿ ಬರುತ್ತದೆ. ಮೊದಲೇ ಉದ್ದುದ್ದ ಕ್ಷಮೆ ಕೇಳಿದರೆ ಏನೋ ಅನಾಹುತವಾಗಿದೆ ಎಂದು ಅಂಕಿಗೆ ಮುಂಚೆಯೇ ಎದೆ ಡವಗುಟ್ಟುತ್ತದೆ.

ಮೊದಲ ಮೇಲ್‌ನ ಜೊತೆ ತೆರಿಗೆ ಇನ್‌ವಾಯ್ಸ್ ಹೋಗಿದ್ದರೆ ಇಷ್ಟೂ ಸಾಲದು. ಹೆಚ್ಚಾಗಿ ತೋರಿಸಿದ ವ್ಯಾಟ್ ಅನ್ನು ಇಳಿಸಲು ಕ್ರೆಡಿಟ್ ನೋಟ್ ಹೊರಡಿಸಬೇಕು, ಅದರ ಸಂಖ್ಯೆಯೂ ಮೇಲ್‌ನಲ್ಲಿ ಇರಬೇಕು. ಕಳಿಸುವ ಹೊತ್ತೂ ಮುಖ್ಯ. 2022ರಿಂದ ಅಬುಧಾಬಿಯಲ್ಲಿ ಶನಿವಾರ, ಭಾನುವಾರ ವಾರದ ರಜೆ, ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಕಳಿಸಿ ಬಾಗಿಲು ಹಾಕಿಕೊಂಡು ಹೋದರೆ, ಅನುಮಾನ ಬಂದವರ ಫೋನು ಎತ್ತಲು ಸೋಮವಾರದವರೆಗೆ ಯಾರೂ ಇರುವುದಿಲ್ಲ. ತಪ್ಪು ಗುರುವಾರ ಗೊತ್ತಾದರೆ ಗುರುವಾರವೇ ಕಳಿಸಬೇಕು. ಶುಕ್ರವಾರ ಸಂಜೆ ಗೊತ್ತಾದರೆ ಆಗಲೇ ಕಳಿಸಿ, ಶನಿವಾರವೂ ಉತ್ತರಿಸುವ ಒಬ್ಬರ ನಂಬರನ್ನು ಅದರಲ್ಲಿ ಕೊಡಬೇಕು.