ಚಿನ್ನದ ಅಂಚಿನ ಜಾಣ್ಮೆ

ಹಳೆಯ ಲ್ಯಾಪ್‌ಟಾಪ್ ಬಿಚ್ಚಿ, ಒಳಗಿದ್ದ ಹಸಿರು ಪಟ್ಟಿಯ ಫೋಟೊ ಕಳಿಸಿ ‘ಇದು ರ‍್ಯಾಮೋ, ಎಸ್‌ಎಸ್‌ಡಿಯೋ?’ ಎಂದು ಕೇಳುವವರಿದ್ದಾರೆ. ಲೇಬಲ್ ಮಸುಕಾಗಿದ್ದರೂ ಪರವಾಗಿಲ್ಲ, ಚಿನ್ನದ ಬಣ್ಣದ ಸಂಪರ್ಕಗಳು ಯಾವ ಅಂಚಿನಲ್ಲಿವೆ ಎಂದು ನೋಡಿದರೆ ಸಾಕು. ಉದ್ದದ ಅಂಚಿನಲ್ಲಿದ್ದರೆ ರ‍್ಯಾಮ್. ಗಿಡ್ಡ ಅಂಚಿನಲ್ಲಿದ್ದು, ಎದುರು ತುದಿಯ ನಡುವೆ ತಿರುಪು ಕೂರಲು ಅರ್ಧಚಂದ್ರದ ಕಚ್ಚು ಇದ್ದರೆ ಬಹುತೇಕ ಎಂ.2 ಎಸ್‌ಎಸ್‌ಡಿ. ಇಷ್ಟು ಸರಳವಾದ ಗುರುತು ನನಗಂತೂ ಬಹಳ ಇಷ್ಟ.

ಎಂ.2 ಪಟ್ಟಿಯ ಚೆಲುವಿರುವುದು ಅದರ ಕಚ್ಚುಗಳಲ್ಲಿ. ಸಂಪರ್ಕಗಳ ಸಾಲಿನಲ್ಲಿ ಒಂದೇ ಕಚ್ಚಿದ್ದು, ಅದು ಒಂದು ಪಕ್ಕಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ವೇಗದ ಎನ್‌ವಿಎಂಇ. ಎರಡು ಪಕ್ಕದಲ್ಲೂ ಕಚ್ಚಿದ್ದರೆ ಹೆಚ್ಚಾಗಿ ಹಳೆಯ ಸಾಟಾ ಬಗೆ. ‘ಹೆಚ್ಚಾಗಿ’ ಎಂದದ್ದು ಬೇಕೆಂದೇ: ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ. ಅಲ್ಲಿ ಆಕಾರ ಕೈಕೊಡುತ್ತದೆ, ಲೇಬಲ್ ಓದಲೇಬೇಕು. ಸ್ಲಾಟಿಗೆ ಸಲೀಸಾಗಿ ಕೂತ ಪಟ್ಟಿಯನ್ನೂ, ಸ್ಲಾಟ್ ಆ ಬಗೆಗೆ ಒಗ್ಗದಿದ್ದರೆ, ಕಂಪ್ಯೂಟರ್ ಗುರುತಿಸದೆ ಹೋಗುತ್ತದೆ.

ಅಳತೆಯೂ ಹೆಸರಿನಲ್ಲೇ ಅಡಗಿದೆ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

ಎರಡೂವರೆ ಇಂಚಿನ ಡಬ್ಬಿಗಳ ಕಥೆ ಬೇರೆ. ಸಾಟಾ ಎಸ್‌ಎಸ್‌ಡಿಗೂ ಹಾರ್ಡ್ ಡಿಸ್ಕಿಗೂ ಮೈಯಳತೆ, ಕನೆಕ್ಟರ್ ಒಂದೇ. ಮಗುಚಿ ನೋಡಬೇಕು: ಸರ್ಕ್ಯೂಟ್ ಬೋರ್ಡ್ ಬೆತ್ತಲಾಗಿ ಕಂಡರೆ ಹಾರ್ಡ್ ಡಿಸ್ಕ್, ಬರೀ ನುಣುಪು ಕವಚವಾದರೆ ಎಸ್‌ಎಸ್‌ಡಿ.

ಹಾಗಾಗಿ ಫೋಟೊ ಕಳಿಸುವಾಗ ಎರಡೂ ಮುಖ ತೆಗೆಯಿರಿ, ಪಕ್ಕದಲ್ಲೊಂದು ಸ್ಕೇಲ್ ಇಡಿ, ಚಿನ್ನದ ಅಂಚನ್ನು ಬೆರಳಿನಿಂದ ಮುಚ್ಚಬೇಡಿ.