‘ನಾಳೆಯೇ ಜಾಯಿನಿಂಗ್’: ಒಂದು ನಿಜವಾದ ಮೆಸೇಜು ಮೋಸದಂತೆ ಕಂಡ ಬಗೆ

2025ರ ಜೂನ್ ಮೊದಲ ವಾರ ನಮ್ಮೂರಿನವರ ವಾಟ್ಸಾಪ್ ಗುಂಪಿಗೆ ಈ ಮೆಸೇಜು ಬಂತು.

“ಅರ್ಜೆಂಟ್! ಅರ್ಜೆಂಟ್! ಪ್ರತಿಷ್ಠಿತ ಕಂಪನಿಯಲ್ಲಿ ಉದ್ಯೋಗಾವಕಾಶ. ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ, ಡಿಗ್ರಿ, ಪಾಸ್ ಅಥವಾ ಫೇಲ್. ಸಂಬಳ 18,000ದಿಂದ 35,000. ಊಟ ವಸತಿ ಫ್ರೀ. ನಾಳೆಯೇ ಜಾಯಿನಿಂಗ್. ನೂರಕ್ಕೆ ನೂರು ಗ್ಯಾರಂಟಿ. ಕೂಡಲೇ ಕರೆ ಮಾಡಿ. ಬಡ ಮಕ್ಕಳಿಗೆ ಉಪಯೋಗವಾಗಲಿ, ಎಲ್ಲಾ ಗ್ರೂಪಿಗೂ ಶೇರ್ ಮಾಡಿ.”

ಕೆಳಗೆ ಒಂದು ಮೊಬೈಲ್ ನಂಬರು. ಗುಂಪಿನ ಅಡ್ಮಿನ್ ಆಗಿ ನಾನು ಅದನ್ನು ಅಳಿಸಿಹಾಕಿದೆ. ತಿಂಗಳ ಹಿಂದಷ್ಟೇ ಇಂಥದೇ ಮಾತುಗಳ ಮೆಸೇಜು ನಂಬಿದ ಹುಡುಗಿಯೊಬ್ಬಳು ಯೂನಿಫಾರ್ಮು, ಐಡಿ ಕಾರ್ಡಿನ ಡೆಪಾಸಿಟ್ ಎಂದು 2,500 ರೂಪಾಯಿ ಕಳೆದುಕೊಂಡಿದ್ದಳು. ಸಂಜೆ ಫೋನು ಬಂತು. “ಮೇಷ್ಟ್ರೇ, ಅದು ನಂದೇ ಮೆಸೇಜು. ನಾನೇ ಅಲ್ಲಿ ಸೂಪರ್‌ವೈಸರು. ಯಾಕೆ ತೆಗೆದ್ರಿ?” ಎಂದವನು ನನ್ನ ಹಳೆಯ ವಿದ್ಯಾರ್ಥಿ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಏಳು ವರ್ಷದಿಂದ ಇದ್ದಾನೆ. ಕೆಲಸ ನಿಜ, ಕಂಪನಿ ನಿಜ, ಅವನ ಕಾಳಜಿಯೂ ನಿಜ. ಬರಹ ಮಾತ್ರ ಸುಳ್ಳಿನ ವೇಷ ತೊಟ್ಟಿತ್ತು. ಅದು ಹೇಗಾಯಿತು ಎಂದು ನಾವಿಬ್ಬರೂ ಕೂತು ಒಂದೊಂದೇ ಸಾಲು ಬಿಚ್ಚಿ ನೋಡಿದೆವು.

ಮೊದಲು ಸಂಬಳ. “ಯಾರಿಗಪ್ಪಾ ಮೂವತ್ತೈದು ಸಾವಿರ?” ಎಂದು ಕೇಳಿದೆ. ಐದಾರು ವರ್ಷ ಹಳಬರಾದ ಆಪರೇಟರುಗಳಿಗೆ, ಅದೂ ಓಟಿ ಸೇರಿದ ತಿಂಗಳಲ್ಲಿ ಎಂದ. ಹೊಸಬರಿಗೆ 18,000 ಮಾತ್ರ. ಆ 18,000ವೂ ಪೂರ್ತಿ ಕೈಗೆ ಬರುವುದಿಲ್ಲ. ಆ ಕಂಪನಿಯಲ್ಲಿ ಪಿಎಫ್ ಹಿಡಿಯುವುದು 15,000ದ ಮೇಲೆ ಶೇಕಡಾ 12, ಅಂದರೆ 1,800 ರೂಪಾಯಿ. ಇಎಸ್ಐಗೆ 18,000ದ ಶೇಕಡಾ 0.75, ಅಂದರೆ 135. ಉಳಿಯುವುದು 16,065. ಊಟವೂ ಫ್ರೀ ಅಲ್ಲ, ಕ್ಯಾಂಟೀನಿನಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ವಸತಿ ಮೊದಲ ತಿಂಗಳು ಮಾತ್ರ.

“ಹಾಗೆ ಬರೆದ್ರೆ ಯಾರೂ ನೋಡಲ್ಲ ಮೇಷ್ಟ್ರೇ” ಎಂದ. ಒಳ್ಳೆಯ ಮನಸ್ಸಿನವರು ತಪ್ಪುವುದು ಇಲ್ಲೇ. ಗಮನ ಸೆಳೆಯಲು ಮೋಸಗಾರರು ಬಳಸಿ ಸವೆಸಿದ ಮಾತುಗಳನ್ನೇ ಇವರೂ ಎತ್ತಿಕೊಳ್ಳುತ್ತಾರೆ. 18ರಿಂದ 35 ಸಾವಿರ ಎಂಬ ಅಗಲವಾದ ಅಂತರ ಓದುವವನ ಕಣ್ಣನ್ನು ದೊಡ್ಡ ಅಂಕಿಯ ಮೇಲೆ ನಿಲ್ಲಿಸುತ್ತದೆ. ಕೆಲಸಕ್ಕೆ ಸೇರಿದ ಹುಡುಗ ಮೊದಲ ತಿಂಗಳು 16 ಸಾವಿರ ನೋಡಿದಾಗ ತನಗೆ ಮೋಸವಾಯಿತೆಂದೇ ತಿಳಿಯುತ್ತಾನೆ. ಕಂಪನಿ ಸುಳ್ಳು ಹೇಳದಿದ್ದರೂ ಮೆಸೇಜು ಹೇಳಿತ್ತು.

‘ಪಾಸ್ ಅಥವಾ ಫೇಲ್’ ಎಂಬ ಸಾಲೂ ಅಂಥದೇ. ನಿಜವಾಗಿ ಬೇಕಿದ್ದವರು ಐಟಿಐ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಮುಗಿಸಿದ 12 ಜನ. ಯಾರು ಬೇಕಾದರೂ ಬನ್ನಿ ಎಂದರೆ ಡಿಗ್ರಿ ಓದಿದವಳು ಬಸ್ ಚಾರ್ಜು ಕೊಟ್ಟು ಬಂದು ಗೇಟಿನಿಂದ ಹಿಂತಿರುಗಬೇಕಾಗುತ್ತದೆ. ಯಾವ ಕಂಪನಿಯೂ ಯಾರು ಬಂದರೂ ಸರಿ ಎನ್ನುವುದಿಲ್ಲ ಎಂಬುದು ಓದುಗರಿಗೆ ಗೊತ್ತು. ಯಾರಿಗೆ ಈ ಕೆಲಸ ಅಲ್ಲ ಎಂದು ಹೇಳುವ ಮೆಸೇಜಿನ ಮೇಲೆ ನಂಬಿಕೆ ತಾನಾಗಿ ಹೆಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ‘ನಾಳೆ’ ಎಂಬ ಪದದಲ್ಲಿತ್ತು. ವಾಟ್ಸಾಪ್‌ನಲ್ಲಿ ಮೆಸೇಜು ಫಾರ್ವರ್ಡ್ ಆದಾಗ ಮೊದಲು ಬರೆದವರ ಹೆಸರೂ ಬರೆದ ದಿನವೂ ಉದುರಿಹೋಗುತ್ತವೆ. ಉಳಿಯುವುದು ಒಂದು ಬಾಣದ ಗುರುತು. ಐದು ಕೈ ದಾಟಿದರೆ ಅದು ಜೋಡಿ ಬಾಣವಾಗುತ್ತದೆ, ಅಷ್ಟೆ. ಯಾರೋ ಕಾಪಿ ಮಾಡಿ ಅಂಟಿಸಿದರೆ ಆ ಬಾಣವೂ ಇರುವುದಿಲ್ಲ. ಹಾಗಾಗಿ ಜೂನಿನ ‘ನಾಳೆ’ ದೀಪಾವಳಿಯಲ್ಲೂ ನಾಳೆಯಾಗಿಯೇ ಇರುತ್ತದೆ. ದಿನ, ತಿಂಗಳು, ವಾರ, ಇಸವಿ ನಾಲ್ಕೂ ಮೆಸೇಜಿನ ಹೊಟ್ಟೆಯೊಳಗೇ ಇರಬೇಕು. ಬರೆದವರು ಯಾರು, ಅವರಿಗೂ ಕಂಪನಿಗೂ ಏನು ಸಂಬಂಧ ಎಂಬುದೂ ಅಲ್ಲೇ ಇರಬೇಕು.

ಈ ಸಂಬಂಧದ ಮಾತು ಬಂದಾಗ ಅವನು ಸ್ವಲ್ಪ ತಡೆದು ಹೇಳಿದ. ಅವನು ಕರೆತಂದವರು ಮೂರು ತಿಂಗಳು ನಿಂತರೆ ಕಂಪನಿ ಅವನಿಗೆ ತಲೆಗೆ 1,000 ರೂಪಾಯಿ ಕೊಡುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ‘ನಮ್ಮನ್ನು ಮಾರಿಕೊಂಡ’ ಎಂಬ ಮಾತು ಊರಲ್ಲಿ ಹುಟ್ಟುತ್ತದೆ. ಇನ್ನೊಂದು ಪ್ರಶ್ನೆ ಕೇಳಿದೆ: ಸಂಬಳ ಕೊಡುವವರು ಕಂಪನಿಯೋ ಕಾಂಟ್ರಾಕ್ಟರೋ? ಮೊದಲ ವರ್ಷ ಕಾಂಟ್ರಾಕ್ಟರ್ ಕಡೆಯಿಂದ ಎಂದ. ಅಂದರೆ ‘ಪ್ರತಿಷ್ಠಿತ ಕಂಪನಿಯಲ್ಲಿ ಉದ್ಯೋಗ’ ಎಂಬ ಮೊದಲ ಸಾಲೇ ಅರ್ಧ ನಿಜ. ಪೇ ಸ್ಲಿಪ್ಪಿನ ಮೇಲೆ ಬೇರೆ ಹೆಸರು ಕಂಡ ಹುಡುಗ ಗಾಬರಿಯಾಗುವ ಬದಲು ಅದನ್ನು ಮೊದಲೇ ತಿಳಿದಿರಬೇಕು.

ಎರಡು ಗಂಟೆ ಕೂತು ತಿದ್ದಿದ ಮೇಲೆ ಮೆಸೇಜು ಹೀಗಾಯಿತು. ಹೆಸರು, ನಂಬರುಗಳನ್ನು ಇಲ್ಲಿ ಬಿಟ್ಟಿದ್ದೇನೆ.

“ಐಟಿಐ ಮುಗಿಸಿದವರಿಗೆ ಕೆಲಸ, ದಾಬಸ್‌ಪೇಟೆ. ಸಂದರ್ಶನ: 14 ಜೂನ್ 2025, ಶನಿವಾರ, ಬೆಳಿಗ್ಗೆ 9ರಿಂದ 1. ಆ ದಿನದ ನಂತರ ಈ ಮೆಸೇಜು ಫಾರ್ವರ್ಡ್ ಮಾಡಬೇಡಿ.

ಕಂಪನಿ: (ನೋಂದಾಯಿತ ಪೂರ್ಣ ಹೆಸರು, ಕಾರ್ಖಾನೆಯ ವಿಳಾಸ).

ಕೆಲಸ: ಮಷಿನ್ ಆಪರೇಟರ್, 12 ಜನ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಪಾಸಾದವರಿಗೆ ಮಾತ್ರ. ಮೂರು ಶಿಫ್ಟ್, ರಾತ್ರಿ ಪಾಳಿ ಇದೆ.

ಸಂಬಳ: ತಿಂಗಳಿಗೆ 18,000. ಪಿಎಫ್, ಇಎಸ್ಐ ಕಳೆದು ಕೈಗೆ ಸುಮಾರು 16,000. ಮೊದಲ ವರ್ಷ ಕಾಂಟ್ರಾಕ್ಟರ್ (ಹೆಸರು) ಮೂಲಕ. ವಸತಿ ಮೊದಲ ತಿಂಗಳು ಮಾತ್ರ.

ತರಬೇಕಾದ್ದು: ಮಾರ್ಕ್ಸ್ ಕಾರ್ಡ್, ಆಧಾರ್ ಮೂಲ ಪ್ರತಿ ಮತ್ತು ಜೆರಾಕ್ಸ್. ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ.

ಯಾವ ಹಂತದಲ್ಲೂ ಹಣ ಇಲ್ಲ. ಯಾರಾದರೂ ಕೇಳಿದರೆ ಅದು ನಮ್ಮ ಕೆಲಸವಲ್ಲ.

ನನ್ನನ್ನು ನಂಬಬೇಡಿ, ವಿಚಾರಿಸಿ: ಕಂಪನಿಯ ವೆಬ್‌ಸೈಟಿನಲ್ಲಿರುವ ಲ್ಯಾಂಡ್‌ಲೈನಿಗೆ ಫೋನು ಮಾಡಿ, ಎಚ್.ಆರ್. ವಿಭಾಗ ಕೇಳಿ.

ಬರೆದವರು: (ಹೆಸರು, ಊರು), ಇಲ್ಲಿ ಸೂಪರ್‌ವೈಸರ್. ಸೇರಿದವರ ಲೆಕ್ಕದಲ್ಲಿ ಕಂಪನಿ ನನಗೆ ಪ್ರೋತ್ಸಾಹಧನ ಕೊಡುತ್ತದೆ. ಫೋನು ಸಂಜೆ 6ರಿಂದ 8.”

ಈ ಬರಹವನ್ನೂ ಹಳೆಯದರಷ್ಟೇ ಕಟುವಾಗಿ ನೋಡಬೇಕು. ಇದರಲ್ಲಿರುವ ಹೆಚ್ಚಿನದನ್ನು ಮೋಸಗಾರನೂ ನಕಲು ಮಾಡಬಲ್ಲ. ವಿಳಾಸ ಹಾಕಬಲ್ಲ, ಪಿಎಫ್ ಲೆಕ್ಕ ಬರೆಯಬಲ್ಲ, ‘ಹಣ ಇಲ್ಲ’ ಎಂದೂ ಬರೆಯಬಲ್ಲ. ಇನ್ನೂ ಸುಲಭದ ದಾರಿಯಿದೆ: ಇದೇ ಮೆಸೇಜನ್ನು ಕಾಪಿ ಮಾಡಿ ನಂಬರು ಒಂದನ್ನೇ ಬದಲಿಸಿದರೆ ನಿಜವಾದ ಕೆಲಸವೇ ಬಲೆಯಾಗುತ್ತದೆ. ಆದ್ದರಿಂದ ಮೆಸೇಜು ಅಚ್ಚುಕಟ್ಟಾಗಿದೆ ಎಂಬುದು ಯಾವುದಕ್ಕೂ ಪುರಾವೆಯಲ್ಲ.

ಹಾಗಾದರೆ ಇಷ್ಟು ಶ್ರಮ ಏಕೆ? ಎರಡು ಸಾಲುಗಳಿಗಾಗಿ. ‘ನನ್ನನ್ನು ನಂಬಬೇಡಿ, ವಿಚಾರಿಸಿ’ ಎಂಬ ಸಾಲು ಓದುಗನನ್ನು ಮೆಸೇಜಿನಿಂದ ಹೊರಗೆ ಕಳಿಸುತ್ತದೆ. ಅಲ್ಲಿ ಲ್ಯಾಂಡ್‌ಲೈನ್ ನಂಬರನ್ನು ಬೇಕೆಂದೇ ಬರೆದಿಲ್ಲ. ಬರೆದಿದ್ದರೆ ಅದನ್ನೂ ತಿದ್ದಬಹುದಿತ್ತು. ನಂಬರನ್ನು ಓದುಗನೇ ಹುಡುಕಿಕೊಳ್ಳಬೇಕು. ವೆಬ್‌ಸೈಟನ್ನೂ ನಕಲಿ ಮಾಡುವವರಿದ್ದಾರೆ ನಿಜ, ಅದಕ್ಕೇ ಕೊನೆಯ ಪರೀಕ್ಷೆ ಕಾರ್ಖಾನೆಯ ಗೇಟು. ನೇರವಾಗಿ ಗೇಟಿಗೆ ಬಾ ಎನ್ನುವ ಮೆಸೇಜಿನಲ್ಲಿ ದಾರಿ ಮಧ್ಯೆ ಹಣ ಕೀಳಲು ಜಾಗ ಕಡಿಮೆ.

‘ಹಣ ಇಲ್ಲ’ ಎಂಬ ಸಾಲಿನ ಕೆಲಸ ಬೇರೆ. ಓದುವ ಹೊತ್ತಿಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಎರಡು ದಿನ ಬಿಟ್ಟು ಯಾರೋ ಫೋನು ಮಾಡಿ ‘ಐಡಿ ಕಾರ್ಡಿಗೆ 2,500 ಕಳಿಸಿ, ಮೊದಲ ಸಂಬಳದಲ್ಲಿ ವಾಪಸು’ ಎಂದಾಗ ಅದು ನೆನಪಿಗೆ ಬರುತ್ತದೆ. ಹಣ ಕಳೆದುಕೊಂಡ ಆ ಹುಡುಗಿಗೆ ಬಂದ ಮೆಸೇಜಿನಲ್ಲಿ ಹಣದ ಸುದ್ದಿಯೇ ಇರಲಿಲ್ಲ. ಕೇಳಿದಾಗ ‘ಎಲ್ಲಾ ಕಂಪನಿಯಲ್ಲೂ ಇರಬಹುದು’ ಎಂದುಕೊಂಡಳು. ಆಮೇಲೆ ನಾಲ್ಕು ದಿನ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹಣ ಹೋದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿದ್ದರೆ ಅದನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತಿತ್ತು.

ದಾಖಲೆಗಳ ವಿಷಯದಲ್ಲೂ ಗೆರೆ ಎಳೆಯಬೇಕಾದ್ದು ‘ಯಾವಾಗ’ ಎಂಬಲ್ಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೇಳುವುದೇ ಮೋಸವಲ್ಲ. ಪಿಎಫ್ ಖಾತೆಗೆ ಅವು ಬೇಕು. ಆದರೆ ಅದು ಆಯ್ಕೆಯಾದ ಮೇಲೆ, ಕಂಪನಿಯ ಒಳಗೆ, ಫಾರಂ ತುಂಬುವಾಗ. ಸಂದರ್ಶನಕ್ಕೂ ಮೊದಲು ಫೋನಿನಲ್ಲಿ ಅವುಗಳ ಫೋಟೋ ಕೇಳಿದರೆ ಅನುಮಾನಿಸಬೇಕು. ಓಟಿಪಿಯನ್ನಂತೂ ಯಾವ ಹೊತ್ತಿನಲ್ಲೂ ಯಾರಿಗೂ ಹೇಳುವಂತಿಲ್ಲ.

ಹೊಸ ಮೆಸೇಜಿನ ಕೊರತೆಯನ್ನೂ ಹೇಳಬೇಕು. ಅದು ಉದ್ದ. ಅವಸರದಲ್ಲಿ ಓದುವವರು ಮೊದಲ ಎರಡು ಸಾಲು ಮಾತ್ರ ನೋಡುತ್ತಾರೆ. ಅದಕ್ಕೇ ಯಾರಿಗೆ, ಎಲ್ಲಿ, ಯಾವಾಗ ಎಂಬ ಮೂರನ್ನೂ ತಲೆಯಲ್ಲೇ ಇಟ್ಟೆವು. ಬಣ್ಣದ ಪೋಸ್ಟರ್ ಮಾಡೋಣ ಎಂದು ಅವನು ಹೇಳಿದ. ನಾನು ಒಪ್ಪಲಿಲ್ಲ. ಚಿತ್ರದೊಳಗಿನ ವಿಳಾಸವನ್ನು ಹಳೆಯ ಫೋನುಗಳಲ್ಲಿ ಕಾಪಿ ಮಾಡಿ ಹುಡುಕುವುದು ಕಷ್ಟ, ವಿಚಾರಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಹಿಂದಿನ ಸಲ ಇಂಥದೇ ಮೆಸೇಜು ಕಳಿಸಿದಾಗ ಮೂರು ದಿನ ಅವನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತ್ತಂತೆ, ಹೆಚ್ಚಿನವರು ಐಟಿಐ ಓದಿದವರೇ ಅಲ್ಲ. ಈ ಸಲ ಕರೆಗಳು ಕಡಿಮೆ, ಕೇಳಿದ ಪ್ರಶ್ನೆಗಳು ಬೇರೆ: ರಾತ್ರಿ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆಯೇ, ಕಾಂಟ್ರಾಕ್ಟರ್ ಸಂಬಳ ಯಾವ ತಾರೀಖಿಗೆ ಹಾಕುತ್ತಾನೆ. ಕೆಲಸ ಇದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಆಗಸ್ಟಿನಲ್ಲಿ ಯಾರೋ ಅದೇ ಮೆಸೇಜನ್ನು ಮತ್ತೆ ಗುಂಪಿಗೆ ಹಾಕಿದರು. ನಾನು ಅಳಿಸಬೇಕೆಂದು ಫೋನು ಎತ್ತಿಕೊಳ್ಳುವಷ್ಟರಲ್ಲಿ ಕೆಳಗೆ ಉತ್ತರ ಬಿದ್ದಿತ್ತು: “ಅಣ್ಣಾ, ಮೊದಲನೇ ಸಾಲು ನೋಡಿ. ಜೂನ್ 14ಕ್ಕೇ ಮುಗಿದಿದೆ.” ಬರೆದವಳು 2,500 ರೂಪಾಯಿ ಕಳೆದುಕೊಂಡಿದ್ದ ಆ ಹುಡುಗಿ.