‘ಬರಾವ್ರ ಬಂದ್ರ?’: ಒಂದು ಮೊದಲ ಪುಸ್ತಕದ ಕರೆಯೋಲೆ

ಹುಕ್ಕೇರಿ ತಾಲ್ಲೂಕಿನ ಹುಡುಗಿಯೊಬ್ಬಳ ಮೊದಲ ಕಥಾಸಂಕಲನ ಅಚ್ಚಾಗಿ ಬಂದಿದೆ. ಒಂಬತ್ತು ಕಥೆ, ನೂರಾ ಹನ್ನೆರಡು ಪುಟ. ಕೆಲವು ವರ್ಷ ನನ್ನ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತವಳು, ಈಗ ತಾನೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಬಿಡುಗಡೆಯ ಕರೆಯೋಲೆ ಬರೆದುಕೊಡಿ ಎಂದು ಗೋಕಾಕದ ನಮ್ಮ ಮನೆಗೆ ಬಂದಳು. ‘ಸರ್ರ, ಪುಸ್ತಕದಾಗಿಂದ ಒಂದ ತುಣಕ ಹಾಕಬೇಕಂತ ಮಾಡೇನಿ. ಯಾವುದ ಹಾಕಲಿ?’ ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಾವಿಬ್ಬರೂ ಎರಡು ಸಂಜೆ ಕಳೆದೆವು. ಕೊನೆಗೆ ಆರಿಸಿದ್ದು ಇದು:

‘ನೀರ ಇಳದೈತಿ ಅಂತ ಸುದ್ದಿ ಬಂದ ದಿನಾನ ಆಯಿ ಕಸಬರಿಗಿ ಹುಡಕಾಕ ಹತ್ತತಾಳ. ಮನ್ಯಾಗ ಇದ್ದದ್ದ ನಡ್ಯಾಂಗಿಲ್ಲ, ಹೊಸಾದ್ದ ಬೇಕ. ಅರ್ಧಾ ತಾಸ ನಡದ್ರ ರಾಡಿ ಒಣಗಿ ಬಿರಕ ಬಿಟ್ಟ ನೆಲಾ; ಅದರ ನಡಬರಕ ಒಂದ ಉದ್ದನ ಕಲ್ಲ. ಅದ ನಮ್ಮ ಹೊಸ್ತಿಲ ಅಂತ ಆಕೀಗ ಹೆಂಗ ಗುರತ ಸಿಗತೈತೋ ಏನೋ. ಕುಂತ ಕಸಾ ಹೊಡೀತಾಳ. ಎಷ್ಟ ಹೊಡದ್ರೂ ಬರೂದು ಮಣ್ಣ. “ಆಯಿ, ಇಲ್ಲೆ ಮನೀನ ಇಲ್ಲಲ್ಲ,” ಅಂದೆ. ಆಕಿ ಕೈ ನಿಂದ್ರಸಲಿಲ್ಲ. “ಮನಿ ಇಲ್ಲ ಖರೆ. ಬರಾವ್ರ ಬಂದ್ರ?” ಅಂದ್ಲು.’

ಈ ನೆಲದ ಹಿನ್ನೆಲೆ ನಮ್ಮ ಭಾಗದವರಿಗೆ ಗೊತ್ತು. ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟೆ ಕಟ್ಟಿದಾಗ ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ತಗ್ಗಿದಾಗ ಮತ್ತೆ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನೋಡಲು ಹೋಗುವವರ ಮಾತು ಎಲ್ಲರೂ ಬರೆದಿದ್ದಾರೆ. ಗುಡಿಸಲು ಹೋಗುವವಳನ್ನು ನಾನು ಕಂಡದ್ದು ಈ ಕಥೆಯಲ್ಲಿ ಮಾತ್ರ.

ಆ ತುಣುಕನ್ನು ಇನ್ನೊಮ್ಮೆ ಓದಿ ನೋಡಿ. ಮುಳುಗಡೆ ಎಂಬ ಮಾತೇ ಅದರಲ್ಲಿಲ್ಲ. ಅಣೆಕಟ್ಟೆ ಇಲ್ಲ, ಪರಿಹಾರ ಇಲ್ಲ, ಕಣ್ಣೀರು ಇಲ್ಲ. ಇರುವುದು ಒಂದು ಹೊಸ ಕಸಬರಿಗೆ. ಮನೆಯಲ್ಲಿದ್ದದ್ದು ನಡೆಯುವುದಿಲ್ಲ ಎನ್ನುವಲ್ಲಿ ಆಯಿಯ ಮನಸ್ಸು ಪೂರ್ತಿ ತೆರೆದುಕೊಂಡಿದೆ. ಹಬ್ಬಕ್ಕೆ, ದೇವರ ಜಗುಲಿಗೆ, ಮದುವೆ ಮನೆಗೆ ಹೊಸ ಕಸಬರಿಗೆ ತರುವುದು ನಮ್ಮಲ್ಲಿ ಇದ್ದದ್ದೇ. ಹಾಗಾಗಿ ಆಕೆ ಹೊರಟಿರುವುದು ಹಾಳು ಬಿದ್ದ ಜಾಗಕ್ಕಲ್ಲ, ಶುಭಕಾರ್ಯಕ್ಕೆ ಎಂದು ಓದುವವರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ‘ಎಷ್ಟ ಹೊಡದ್ರೂ ಬರೂದು ಮಣ್ಣ’ ಎಂಬ ನಾಲ್ಕು ಮಾತಿನಲ್ಲಿ ಆ ಕೆಲಸ ಎಂದೂ ಮುಗಿಯುವುದಿಲ್ಲ ಎಂಬುದೂ ಬಂತು. ಮೇಲೆ ಕಸ ತೆಗೆದರೆ ಕೆಳಗೆ ನೆಲ ಸಿಗಬೇಕು. ಇಲ್ಲಿ ನೆಲವೇ ಕಸವಾಗಿದೆ.

ಮೊಮ್ಮಗಳ ಮಾತಿನ ರೀತಿಯನ್ನೂ ಗಮನಿಸಿ. ‘ಮನೀನ ಇಲ್ಲಲ್ಲ’ ಎಂದು ಅವಳು ಕೇಳುವಾಗ ಅದರಲ್ಲಿ ಹುಡುಗಾಟವೂ ಇದೆ, ಹೆದರಿಕೆಯೂ ಇದೆ. ಅಜ್ಜಿಗೆ ಮರುಳು ಹಿಡಿಯಿತೇ ಎಂಬ ಅನುಮಾನ. ಅದಕ್ಕೆ ಆಯಿ ‘ಮನಿ ಇಲ್ಲ ಖರೆ’ ಎಂದು ಮೊದಲು ಒಪ್ಪಿಕೊಳ್ಳುತ್ತಾಳೆ. ಆ ‘ಖರೆ’ಯಿಂದ ಮರುಳಿನ ಅನುಮಾನ ಅಳಿಸಿಹೋಗುತ್ತದೆ. ಎಲ್ಲ ಗೊತ್ತಿದ್ದೂ ಗುಡಿಸುವವಳು ಆಕೆ. ಇದೇ ಮಾತು ಗ್ರಂಥಭಾಷೆಯಲ್ಲಿ ‘ಮನೆ ಇಲ್ಲವೆಂಬುದು ನಿಜ’ ಎಂದಾಗಿದ್ದರೆ ಅರ್ಥ ಉಳಿಯುತ್ತಿತ್ತು, ಆಕೆಯ ತಲೆಯಾಡಿಕೆ ಹೋಗುತ್ತಿತ್ತು.

ಈ ತುಣುಕಿಗೆ ಬರುವ ಮೊದಲು ಎರಡು ತುಣುಕು ಬಿಟ್ಟೆವು. ಮೊದಲನೆಯದು ಪುಸ್ತಕದ ಮೊದಲ ಪುಟ: ಗೋಕಾಕ ಜಲಪಾತದ ವರ್ಣನೆ, ಮಳೆಗಾಲದ ಕೆಂಪು ನೀರು, ತೂಗುಸೇತುವೆ, ಗಿರಣಿಯ ಗೋಡೆ. ಚೆಂದದ ಬರವಣಿಗೆಯೇ. ಆದರೆ ಅದನ್ನು ಓದಿದವರಿಗೆ ಜಲಪಾತ ನೋಡುವ ಮನಸ್ಸಾಗುತ್ತದೆ, ಪುಸ್ತಕ ಓದುವ ಮನಸ್ಸಾಗುವುದಿಲ್ಲ. ವರ್ಣನೆ ಅಲ್ಲಿಗೇ ಪೂರ್ತಿಯಾಗಿರುವುದರಿಂದ ಮುಂದೇನು ಎಂದು ಕೇಳಲು ಏನೂ ಉಳಿಯುವುದಿಲ್ಲ. ಎರಡನೆಯದು ಅವಳಿಗೆ ಬಹಳ ಪ್ರೀತಿಯ ಭಾಗ, ಇದೇ ಆಯಿಯ ಕಥೆಯ ಕೊನೆ. ‘ಓದಿದವರೆಲ್ಲ ಇಲ್ಲೇ ಅತ್ತಾರ ಸರ್ರ’ ಎಂದಳು. ‘ತಂಗೀ, ಅತ್ತದ್ದು ಹಿಂದಿನ ಹನ್ನೊಂದು ಪುಟಾ ಓದಿದ್ದಕ್ಕ. ಕರೆಯೋಲ್ಯಾಗ ಆ ಹನ್ನೊಂದು ಪುಟಾ ಇರೂದಿಲ್ಲ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಹಾಳೆ ತಿರುಗಿಸಿ ಕಸಬರಿಗೆಯ ಭಾಗ ತೆಗೆದಳು.

ಅದನ್ನು ಎಲ್ಲಿ ಕತ್ತರಿಸಬೇಕೆಂಬುದು ಎರಡನೇ ಸಂಜೆಯ ಕೆಲಸ. ಕಥೆಯಲ್ಲಿ ‘ಬರಾವ್ರ ಬಂದ್ರ?’ ಆದ ಮೇಲೆ ಇನ್ನೊಂದು ಸಾಲಿದೆ. ಯಾರು ಬರಬೇಕಾಗಿತ್ತು ಎಂಬುದು ಆ ಸಾಲಿನಲ್ಲಿ ತಿಳಿಯುತ್ತದೆ. ಅವಳು ಅದನ್ನೂ ಸೇರಿಸಿಕೊಂಡು ಬರೆದು ತಂದಿದ್ದಳು. ನಾನು ಬೆರಳಿನಿಂದ ಆ ಸಾಲು ಮುಚ್ಚಿ, ‘ಓದು’ ಅಂದೆ. ಓದಿದಳು, ನಕ್ಕಳು. ಅಷ್ಟೇ ಆಯಿತು. ತುಣುಕು ಕಥೆಯ ಸಾರಾಂಶವಾಗಬಾರದು. ಕಥೆಯ ರುಚಿ ಸುಳ್ಳಾಗದಂತೆ ಹತ್ತಬೇಕು, ಹಸಿವೆ ಉಳಿಯಬೇಕು. ಪುಸ್ತಕದಲ್ಲೆಲ್ಲೂ ಇಲ್ಲದ ಬೆಡಗನ್ನು ತುಣುಕಿನಲ್ಲಿ ತೋರಿಸಿದರೆ ಕೊಂಡವರು ಎರಡನೇ ಪುಸ್ತಕಕ್ಕೆ ಬರುವುದಿಲ್ಲ. ಇಲ್ಲಿ ಆ ಭಯವಿಲ್ಲ, ಒಂಬತ್ತೂ ಕಥೆ ಇದೇ ಮಾತಿನಲ್ಲಿ, ಇದೇ ಬಿಗಿಯಲ್ಲಿ ಇವೆ.

ನಮ್ಮ ಈ ಸೀಮೆ ಮೊದಲ ಪುಸ್ತಕಗಳನ್ನು ಹಿಂದೆಯೂ ಕಂಡಿದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಮೊದಲ ಕವನಸಂಕಲನ ‘ಮುಗುಳು’ 1958ರಲ್ಲಿ ಬಂತು. ಆಗ ಅವರಿಗೆ ಇಪ್ಪತ್ತೊಂದು. ಗೋಕಾಕ ತಾಲ್ಲೂಕಿನ ಬೆಟಗೇರಿಯ ಕೃಷ್ಣಶರ್ಮರ, ಎಂದರೆ ‘ಆನಂದಕಂದ’ರ, ಕಾದಂಬರಿ ‘ಸುದರ್ಶನ’ದಿಂದಲೇ 1933ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಆರಂಭವಾಯಿತು. ಜಿ. ಬಿ. ಜೋಶಿಯವರು ಕಟ್ಟಿದ ಆ ಮಾಲೆಯ ಬಲ ಅಂಗಡಿಯಲ್ಲಿರಲಿಲ್ಲ, ಚಂದಾದಾರರಲ್ಲಿತ್ತು. ಓದುಗರು ಮೊದಲೇ ಹಣ ಕೊಟ್ಟು ಹೆಸರು ಬರೆಸುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಯಾರು ಓದುತ್ತಾರೆ, ಎಲ್ಲಿದ್ದಾರೆ ಎಂದು ಪ್ರಕಾಶಕರಿಗೆ ಗೊತ್ತಿತ್ತು. ಪುಸ್ತಕ ಎಲ್ಲಿಂದ ಬರುತ್ತದೆ ಎಂದು ಓದುಗರಿಗೂ ಗೊತ್ತಿತ್ತು.

ಮೊದಲ ಪುಸ್ತಕದ ಕರೆಯೋಲೆ ಸೋಲುವುದು ಹೆಚ್ಚಾಗಿ ಈ ಎರಡನೇ ಸಂಗತಿಯಲ್ಲಿ. ನನ್ನ ಕಪಾಟಿನಲ್ಲಿ ಹತ್ತಾರು ಹಳೆಯ ಆಮಂತ್ರಣಗಳಿವೆ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಉಪಸ್ಥಿತರು ಎಂದು ಇಪ್ಪತ್ತು ಹೆಸರು ದಪ್ಪಕ್ಷರದಲ್ಲಿ. ಪುಸ್ತಕದ ಹೆಸರು ಅವುಗಳ ನಡುವೆ ಎಲ್ಲೋ. ಕೆಳಗೆ ‘ಪ್ರತಿಗಳು ಎಲ್ಲ ಪ್ರಮುಖ ಪುಸ್ತಕ ಮಳಿಗೆಗಳಲ್ಲಿ ಲಭ್ಯ’ ಎಂದಿರುತ್ತದೆ. ಐನೂರು ಪ್ರತಿ ಅಚ್ಚಾದ ಪುಸ್ತಕ ಎಲ್ಲ ಮಳಿಗೆಗಳಲ್ಲಿ ಇರಲು ಹೇಗೆ ಸಾಧ್ಯ? ಓದುಗ ಒಂದು ಅಂಗಡಿಗೆ ಹೋಗುತ್ತಾನೆ, ಇಲ್ಲ ಎನ್ನುತ್ತಾರೆ, ಮನೆಗೆ ಬರುತ್ತಾನೆ. ಎರಡನೇ ಅಂಗಡಿಗೆ ಅವನು ಹೋಗುವುದಿಲ್ಲ.

ಹಾಗಾಗಿ ಇವಳ ಕರೆಯೋಲೆಯಲ್ಲಿ ಇದ್ದದ್ದನ್ನಷ್ಟೇ ಬರೆದೆವು. ನೂರಾ ಹನ್ನೆರಡು ಪುಟ ಎಂದರೆ ಹದಿನಾರು ಪುಟಗಳ ಏಳು ಫಾರ್ಮು, ಒಂದೂ ಪುಟ ಖಾಲಿ ಹೋಗಿಲ್ಲ. ಬೆಲೆ ನೂರಾ ನಲವತ್ತು ರೂಪಾಯಿ. ಅಂಗಡಿಯವರಿಗೆ ಮೂರನೇ ಒಂದು ಭಾಗದಷ್ಟು ಕಮಿಶನ್ ಬಿಟ್ಟರೆ ಕೈಗೆ ಬರುವುದು ತೊಂಬತ್ತು ಚಿಲ್ಲರೆ. ಅಚ್ಚಿನ ಖರ್ಚು ಅದರಲ್ಲೇ ಹುಟ್ಟಬೇಕು. ಅದಕ್ಕೆ ಮೂರು ಅಂಗಡಿಗಳಲ್ಲಿ ಮಾತ್ರ ಇಟ್ಟಿದ್ದೇವೆ, ಊರಿಗೊಂದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವು ಶಾಲೆಯ ಪುಸ್ತಕ, ನೋಟಬುಕ್ಕು, ಪೆನ್ನು ಮಾರುವ ಅಂಗಡಿಗಳು. ಕಥೆ ಪುಸ್ತಕ ಇಡುವ ರೂಢಿ ಅಲ್ಲಿಲ್ಲ. ಆದರೆ ಮಕ್ಕಳ ವಹಿ ತರಲು ಬರುವ ತಾಯಂದಿರು, ಮಾಸ್ತರರು ಅಲ್ಲಿಗೇ ಬರುತ್ತಾರೆ, ಈ ಪುಸ್ತಕ ಓದಬೇಕಾದವರೂ ಅವರೇ. ಒಂದೊಂದು ಅಂಗಡಿಗೆ ಇಪ್ಪತ್ತು ಪ್ರತಿ, ಹದಿನೈದು ದಿನಕ್ಕೊಮ್ಮೆ ಲೆಕ್ಕ. ಎಷ್ಟು ಕೊಟ್ಟೆವು, ಎಷ್ಟು ಉಳಿದವು ಎಂದು ಒಂದು ವಹಿಯಲ್ಲಿ ಬರೆದು ಅಂಗಡಿಯವರ ಸಹಿ ಹಾಕಿಸಿಕೊಳ್ಳುತ್ತಾಳೆ. ಈ ವಹಿ ಇಲ್ಲದೆ ಕೊಟ್ಟ ಪ್ರತಿಗಳು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ದೂರದವರಿಗೆ ಅಂಚೆ ಇದೆ. ಲೇಖಕಿಯ ಫೋನ್ ನಂಬರಿಗೆ ಹಣ ಕಳಿಸಿ, ಪೂರ್ತಿ ವಿಳಾಸ ಪಿನ್‌ಕೋಡ್ ಸಮೇತ ಬರೆದು ಹಾಕಿದರೆ ಪುಸ್ತಕ ಮನೆಗೆ ಬರುತ್ತದೆ, ಅಂಚೆ ಖರ್ಚು ಅವಳದು. ನಂಬರು, ಅಂಗಡಿಗಳ ಹೆಸರು ಕರೆಯೋಲೆಯಲ್ಲಿ ತುಣುಕಿನ ಕೆಳಗೇ ಇವೆ, ಮತ್ತೆ ಹುಡುಕಬೇಕಾಗಿಲ್ಲ. ಬಿಡುಗಡೆಯ ದಿನ ಬಾಗಿಲಲ್ಲೇ ಮೇಜು ಹಾಕಿ ನೂರಿಪ್ಪತ್ತು ರೂಪಾಯಿಗೆ ಕೊಡುತ್ತಾಳೆ. ಅತಿಥಿಗಳ ಹೆಸರು ಹಿಂಬದಿಯಲ್ಲಿವೆ. ಲೇಖಕಿಯ ಹೆಸರನ್ನೂ ಪುಸ್ತಕದ ಹೆಸರನ್ನೂ ನಾನಿಲ್ಲಿ ಬರೆಯುತ್ತಿಲ್ಲ. ಅವೆರಡನ್ನೂ ಮೊದಲು ಸಭೆಯಲ್ಲಿ ಅವಳ ಬಾಯಿಂದಲೇ ಕೇಳಬೇಕೆಂದು ಅವಳ ಆಯಿಯ ಆಸೆ.

ಅಚ್ಚಿಗೆ ಕೊಡುವ ಮೊದಲು ಕರೆಯೋಲೆಯ ಕರಡನ್ನು ಹತ್ತು ಜನರಿಗೆ ಓದಲು ಕೊಟ್ಟೆವು. ನನ್ನ ಅಳತೆಗೋಲು ಸರಳ. ಓದಿದವರು ಮೊದಲು ‘ಎಲ್ಲಿ ಸಿಗತೈತ್ರೀ?’ ಎಂದು ಕೇಳಿದರೆ ಕೆಳಗಿನ ಭಾಗ ತಿದ್ದಬೇಕು. ‘ಚೊಲೊ ಐತ್ರಿ’ ಎಂದು ಮಡಚಿ ಕಿಸೆಗೆ ಹಾಕಿಕೊಂಡರೆ ತುಣುಕನ್ನೇ ಬದಲಿಸಬೇಕು. ಒಂಬತ್ತು ಜನ ಒಂದೊಂದು ಹೇಳಿದರು, ಒಂದೆರಡು ಕಡೆ ತಿದ್ದಿದೆವು. ಹತ್ತನೆಯವರು ಮೂಡಲಗಿಯ ಒಬ್ಬ ಅರಿಷಿಣ ಬೆಳೆಯುವ ರೈತರು, ಕಥೆ ಪುಸ್ತಕ ಕೊಂಡವರಲ್ಲ. ನಿಧಾನಕ್ಕೆ, ತುಟಿ ಆಡಿಸುತ್ತ ಓದಿದರು. ಕಾಗದ ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂದಕ್ಕೆ ತಿರುಗಿಸಿದರು. ಆಮೇಲೆ ಅವಳ ಕಡೆ ನೋಡಿ, ‘ಯವ್ವಾ, ಯಾರ ಬರಾವ್ರಿದ್ರು?’ ಎಂದರು.

‘ನಲವತ್ತೊಂದನೇ ಪುಟದಾಗೈತ್ರಿ, ಕಾಕಾ,’ ಎಂದಳು ಅವಳು.